ಮಳೆಗಾಲ ಸಂಧಿಯೋ ಸಮಾಸವೋ?

ಹತ್ತನೇ ಕ್ಲಾಸು: ಒಂದು ಗೈಡಿನಲ್ಲಿ ‘ಮಳೆಗಾಲ’ ಆದೇಶ ಸಂಧಿ ಎಂದಿದೆ, ಇನ್ನೊಂದರಲ್ಲಿ ತತ್ಪುರುಷ ಸಮಾಸ ಎಂದಿದೆ. ಯಾವುದು ಸರಿ? ವಾರದಲ್ಲಿ ಪರೀಕ್ಷೆ ಇದೆ.

ಕರಾವಳಿ ಹುಡುಗ: ತುಂಬಾ ಸುಲಭ. ಅಕ್ಷರ ಬದಲಾದರೆ ಸಂಧಿ, ಬದಲಾಗದಿದ್ದರೆ ಸಮಾಸ. ಇಲ್ಲಿ ‘ಕ’ ಹೋಗಿ ‘ಗ’ ಬಂದಿದೆ. ಹಾಗಾಗಿ ಸಂಧಿ.

ಕನ್ನಡ ಮೇಡಂ: ಮೊದಲರ್ಧ ಬಹುಮಟ್ಟಿಗೆ ಸರಿ, ಎರಡನೆಯದು ಸರಿಯಲ್ಲ. ಎರಡೂ ಗೈಡು ಸರಿಯಾಗಿಯೇ ಹೇಳಿವೆ. ಒಂದೇ ಪದಕ್ಕೆ ಎರಡು ಪ್ರಶ್ನೆ ಕೇಳಬಹುದು, ಅಷ್ಟೇ.

‘ಮನೆಕೆಲಸ’ ತಗೊಳ್ಳಿ. ಕೆಲವರು ‘ಮನೆಗೆಲಸ’ ಅಂತಲೂ ಬರೆಯುತ್ತಾರೆ, ಅಲ್ವಾ? ಎರಡರಲ್ಲೂ ಅರ್ಥ ‘ಮನೆಯ ಕೆಲಸ’ವೇ. ‘ಮನೆಯ’ ಎಂಬಲ್ಲಿದ್ದ ವಿಭಕ್ತಿ ಬಿದ್ದುಹೋಗಿ ಎರಡು ಪದ ಒಂದಾಗಿವೆ. ಒತ್ತು ‘ಕೆಲಸ’ದ ಮೇಲಿದೆ. ಆದ್ದರಿಂದ ಎರಡೂ ತತ್ಪುರುಷವೇ. ಆದರೆ ಆದೇಶ ಸಂಧಿ ಇರುವುದು ‘ಮನೆಗೆಲಸ’ದಲ್ಲಿ ಮಾತ್ರ. ಸಮಾಸ ಹಾಗೇ ಉಳಿಯಿತು, ಸಂಧಿ ಒಂದರಲ್ಲಿ ಬಂತು, ಇನ್ನೊಂದರಲ್ಲಿ ಬರಲಿಲ್ಲ.

ಸಮಾಸವೇ ಇಲ್ಲದೆ ಸಂಧಿಯೂ ಆಗುತ್ತದೆ. ‘ಮಾತಿಲ್ಲ’ ಎನ್ನುವಾಗ ‘ಮಾತು’ವಿನ ಉಕಾರ ಲೋಪವಾಗಿದೆ. ಆದರೆ ಹೊಸ ಪದವೇನೂ ಹುಟ್ಟಿಲ್ಲ.

ಪರೀಕ್ಷೆಯಲ್ಲಿ ‘ಬಿಡಿಸಿ ಸಂಧಿ ಹೆಸರಿಸಿ’ ಎಂದರೆ ಮಳೆ + ಕಾಲ, ಆದೇಶ ಸಂಧಿ. ‘ವಿಗ್ರಹಿಸಿ ಸಮಾಸ ಹೆಸರಿಸಿ’ ಎಂದರೆ ಮಳೆಯ + ಕಾಲ, ತತ್ಪುರುಷ. ಆ ‘ಯ’ ಬಿಟ್ಟರೆ ವಿಗ್ರಹವೇ ಆಗಲಿಲ್ಲ, ಅಂಕವೂ ಹೋಗುತ್ತದೆ.

ಕೆಪಿಎಸ್‌ಸಿ ತಯಾರಿ: ನನ್ನದೂ ಒಂದು ಡೌಟು. ಆಗಮ ಸಂಧಿಯಲ್ಲಿ ಯಕಾರ ಯಾವಾಗ, ವಕಾರ ಯಾವಾಗ?

ಕನ್ನಡ ಮೇಡಂ: ‘ಮನೆಯನ್ನು’, ‘ಗುರುವನ್ನು’ ಎಂದು ಹೇಳಿ ನೋಡಿ. ಇ, ಎ ಆದ ಮೇಲೆ ಯಕಾರ, ಉ ಆದ ಮೇಲೆ ವಕಾರ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಪರೀಕ್ಷೆಯ ಮಗು ಕಾಯುತ್ತಿದೆ.

ಹತ್ತನೇ ಕ್ಲಾಸು: ಈಗ ಗೊತ್ತಾಯ್ತು ಮೇಡಂ. ಹಾಗಾದರೆ ‘ಹೆಮ್ಮರ’? ಅಕ್ಷರ ಬದಲಾಗಿದೆ, ಆದರೆ ಗೈಡಿನಲ್ಲಿ ಸಂಧಿಯ ಹೆಸರೇ ಇಲ್ಲ.

ಕನ್ನಡ ಮೇಡಂ: ಹಿರಿದು + ಮರ, ಕರ್ಮಧಾರಯ. ‘ಹಿರಿದು’ ಎಂಬುದು ‘ಹೆ’ ಆಗಿ, ಮಕಾರ ಒತ್ತಾಗಿದೆ. ಇದು ಸಮಾಸ ಆಗುವಾಗಲೇ ಪದ ಪಡೆದ ರೂಪ. ಲೋಪ, ಆಗಮ, ಆದೇಶ ಯಾವುದರೊಳಗೂ ಇದನ್ನು ತುರುಕಬೇಡಿ.

ಕರಾವಳಿ ಹುಡುಗ: ಹಾಗಾದರೆ ‘ಮನೆಪಾಠ’ ಯಾಕೆ ‘ಮನೆಬಾಠ’ ಆಗಲ್ಲ? ‘ಪಾಠ’ ಸಂಸ್ಕೃತ ಪದ ಅಂತಲೇ?

ಕನ್ನಡ ಮೇಡಂ: ‘ಕಾಲ’ವೂ ಸಂಸ್ಕೃತದ್ದೇ, ಆದರೂ ‘ಮಳೆಗಾಲ’ ಆಯಿತಲ್ಲ! ಅದೊಂದೇ ಕಾರಣ ಸಾಲದು. ಹಳೆಯ ಬಳಕೆಯ ಪದಗಳಲ್ಲಿ ಆದೇಶ ಜಾಸ್ತಿ ಕಾಣುತ್ತದೆ ಅಂತ ನನಗನಿಸುತ್ತದೆ. ಭಾಷಾವಿಜ್ಞಾನ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.