ಇನ್‌ಲೆಟ್ ಕಂಟ್ರೋಲ್, ಔಟ್‌ಲೆಟ್ ಕಂಟ್ರೋಲ್, ಹೆಡ್‌ವಾಟರ್: ಕನ್ನಡದಲ್ಲಿ ಏನೆನ್ನುವುದು?

ಹಾವೇರಿಯ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಹಳ್ಳಿ ರಸ್ತೆಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳ್ಳಕ್ಕೆ ಅಡ್ಡಲಾಗಿ ಹಾಕುವ ಪೈಪ್ ಮೋರಿಗಳ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ಸದ್ಯಕ್ಕೆ ‘ಒಳಹರಿವು ನಿಯಂತ್ರಣ’, ‘ಹೊರಹರಿವು ನಿಯಂತ್ರಣ’ ಎಂದು ಬರೆದಿದ್ದೇನೆ. ಹೆಡ್‌ವಾಟರ್‌ಗೆ ನಿಘಂಟು ನೋಡಿ ‘ಶಿರೋಜಲ’ ಎಂದಿಟ್ಟಿದ್ದೇನೆ. ಓದಿದರೆ ಆಯುರ್ವೇದದ ಔಷಧದ ಹೆಸರಿನಂತೆ ಕೇಳಿಸುತ್ತದೆ.

ಅಲ್ಲಿರುವ ಉದಾಹರಣೆ ಹೀಗಿದೆ: 1.2 ಮೀಟರ್ ವ್ಯಾಸದ ಒಂದು ಕಾಂಕ್ರೀಟ್ ಪೈಪ್, ಉದ್ದ 9 ಮೀಟರ್, ಅಷ್ಟು ಉದ್ದಕ್ಕೆ ಇಳಿಜಾರು 9 ಸೆಂ.ಮೀ. ಸೆಕೆಂಡಿಗೆ 3 ಘನ ಮೀಟರ್ ನೀರು ಬರುತ್ತದೆ. ರಸ್ತೆಯ ಮೇಲ್ಮೈ ಪೈಪಿನ ತಳಕ್ಕಿಂತ 2.1 ಮೀಟರ್ ಎತ್ತರದಲ್ಲಿದೆ. ಹೆಡ್‌ವಾಟರ್ ಆಳ ಎಷ್ಟು, ಎಂದರೆ ಪೈಪಿನ ಮೇಲ್ಬದಿಯಲ್ಲಿ ನೀರು ಎಷ್ಟು ಆಳ ನಿಲ್ಲುತ್ತದೆ ಎನ್ನುವುದಕ್ಕೆ ಎರಡು ಉತ್ತರ ಕೊಟ್ಟಿದ್ದಾರೆ, ಒಂದು 1.72 ಮೀಟರ್, ಇನ್ನೊಂದು 1.57 ಮೀಟರ್. ದೊಡ್ಡದನ್ನು ಹಿಡಿಯಿರಿ ಎನ್ನುತ್ತಾರೆ. ಒಂದೇ ಪೈಪಿಗೆ ಎರಡು ಲೆಕ್ಕ ಏಕೆ? ಅದು ತಿಳಿಯದೆ ಪದ ಹೊಂದಿಸುವುದು ಹೇಗೆ?

ನವಲಗುಂದದ ರೈತರು

ನಿಯಂತ್ರಣ ಎಂದರೆ ಗೇಟು ಇರಬೇಕಲ್ಲವೇ? ನಮ್ಮಲ್ಲಿ ಮಲಪ್ರಭಾ ಬಲದಂಡೆ ಕಾಲುವೆಯ ತೂಬಿಗೆ ಗೇಟು ಇದೆ, ಅದನ್ನು ಏರಿಸಿ ಇಳಿಸಿ ನೀರು ಬಿಡುತ್ತಾರೆ. ‘ತೂಬಿನ ಗೇಟು’ ಎಂದೇ ಬರೆದರೆ ನಮಗೆಲ್ಲ ತಿಳಿಯುತ್ತದೆ. ಕೊನೆಯ ಹೊಲಕ್ಕೆ ನೀರು ಏಕೆ ಬರುವುದಿಲ್ಲ ಎನ್ನುವುದನ್ನೂ ಆ ಕೈಪಿಡಿಯಲ್ಲಿ ಸೇರಿಸಿದರೆ ಉಪಕಾರವಾದೀತು.

ಹುಬ್ಬಳ್ಳಿಯ ಕನ್ನಡ ಪ್ರಾಧ್ಯಾಪಕರು

ಹೆಡ್‌ವಾಟರ್‌ಗೆ ‘ಮುನ್ನೀರು’ ಎನ್ನುವ ಆಸೆ ಯಾರಿಗಾದರೂ ಬಂದೀತು. ದಯವಿಟ್ಟು ಬೇಡ, ಹಳಗನ್ನಡದಲ್ಲಿ ಅದು ಸಮುದ್ರ. ಶಿರೋಜಲ ಎಂದರೆ ಓದುವವನು ನದಿಯ ಹುಟ್ಟು ಎಂದುಕೊಳ್ಳುತ್ತಾನೆ. ರಸ್ತೆಯ ಹಿಂದೆ ನಿಲ್ಲುವ ನೀರಿಗೆ ‘ಹಿನ್ನೀರು’ ಸಹಜವಾದ ಮಾತು, ಅಣೆಕಟ್ಟಿನಿಂದಾಗಿ ಎಲ್ಲರಿಗೂ ಗೊತ್ತು.

ಧಾರವಾಡದ ಗುತ್ತಿಗೆದಾರರು

ಇದರಲ್ಲಿ ಅಷ್ಟು ಗೊಂದಲವೇನಿಲ್ಲ. ಇಳಿಜಾರು ಹೆಚ್ಚಿದ್ದರೆ ಇನ್‌ಲೆಟ್, ಕಡಿಮೆ ಇದ್ದರೆ ಔಟ್‌ಲೆಟ್. ನೀರು ನಿಲ್ಲುತ್ತಿದೆ ಎಂದರೆ ಪೈಪನ್ನು ಇನ್ನಷ್ಟು ಇಳಿಜಾರಾಗಿ ಕೂಡಿಸಬೇಕು, ಅಷ್ಟೇ. ನಮ್ಮ ಕಡೆ ಯಾರೂ ಮೋರಿ ಎನ್ನುವುದಿಲ್ಲ, ‘ಸಿ.ಡಿ. ಕೆಲಸ’ ಎನ್ನುತ್ತೇವೆ, ಎಂದರೆ ಕ್ರಾಸ್ ಡ್ರೈನೇಜ್.

ಗದಗದ ನಿವೃತ್ತ ಎಂಜಿನಿಯರ್

ಮೇಡಂ, ಎರಡು ಲೆಕ್ಕ ಏಕೆಂದರೆ ಹರಿವನ್ನು ಬಿಗಿ ಹಿಡಿಯುವ ಜಾಗ ಎರಡರಲ್ಲಿ ಒಂದಾಗಿರುತ್ತದೆ, ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಗೇಟಿನ ಮಾತೇ ಇಲ್ಲಿಲ್ಲ.

ಮೊದಲ ಲೆಕ್ಕ ಇನ್‌ಲೆಟ್ ಕಂಟ್ರೋಲಿನದು, ಅದು ಕೇಳುವುದು ಇಷ್ಟು: ಈ ಬಾಯಿ 3 ಘನ ಮೀಟರ್ ನೀರನ್ನು ನುಂಗಬೇಕಾದರೆ ಅದರ ಮುಂದೆ ನೀರು ಎಷ್ಟು ಆಳ ನಿಲ್ಲಬೇಕು? ಆಳವನ್ನು ಅಳೆಯುವುದು ಮೇಲ್ಬದಿಯ ಬಾಯಿಯ ತಳದಿಂದ. ಚೂಪು ಅಂಚಿನ ಬಾಯಿಯಾದರೆ ಉತ್ತರ 1.72 ಮೀಟರ್. ಈ ಲೆಕ್ಕಕ್ಕೆ ಪೈಪಿನ ಉದ್ದ ಬೇಡ, ಒಳಗೋಡೆಯ ಒರಟುತನ ಬೇಡ, ಕೆಳಗಿನ ಹಳ್ಳದ ಸ್ಥಿತಿಯೂ ಬೇಡ. ಬಾಯಿಯ ಅಳತೆ ಮತ್ತು ಆಕಾರ ಮಾತ್ರ ಬೇಕು. ಅದೇ ಪೈಪಿನ ಅಗಲವಾದ ಸಾಕೆಟ್ ತುದಿಯನ್ನು ಮೇಲ್ಬದಿಗೆ ತಿರುಗಿಸಿ ಕೂಡಿಸಿದರೆ ನೀರು ಒಳಗೆ ಸಲೀಸಾಗಿ ತಿರುಗುತ್ತದೆ, 1.72 ಇದ್ದದ್ದು 1.56ರ ಸುಮಾರಿಗೆ ಇಳಿಯುತ್ತದೆ. ಖರ್ಚಿಲ್ಲದ ಲಾಭ, ಆದರೂ ಎಷ್ಟೋ ಕಡೆ ಪೈಪನ್ನು ಲಾರಿಯಿಂದ ಇಳಿದ ದಿಕ್ಕಿನಲ್ಲೇ ಹೂಳಿ ಬಿಡುತ್ತಾರೆ.

ಎರಡನೆಯ ಲೆಕ್ಕ ಔಟ್‌ಲೆಟ್ ಕಂಟ್ರೋಲಿನದು, ಅದರ ಪ್ರಶ್ನೆ ಬೇರೆ. ನುಂಗಿದ ನೀರು ಪೈಪ್ ತುಂಬ ಹರಿದು ಆಚೆ ಹೋಗಬೇಕಾದರೆ ಮೇಲೆ ಎಷ್ಟು ನೀರು ನಿಂತು ತಳ್ಳಬೇಕು? ಬಾಯಿಯಲ್ಲಿ ಆಗುವ ನಷ್ಟ, ಗೋಡೆಯ ತಿಕ್ಕಾಟ, ಹೊರಬೀಳುವ ವೇಗ, ಮೂರೂ ಸೇರಿ ಇಲ್ಲಿ 59 ಸೆಂ.ಮೀ. ಆಗುತ್ತದೆ. ಅದನ್ನು ಕೆಳಬದಿಯ ನೀರಿನ ಮಟ್ಟಕ್ಕೆ ಕೂಡಿಸಿ, ಇಳಿಜಾರಿನ 9 ಸೆಂ.ಮೀ. ಕಳೆಯಬೇಕು. ಹಳ್ಳದಲ್ಲಿ ನೀರು ತಗ್ಗಿನಲ್ಲಿದ್ದರೆ ಅದರ ಬದಲು ಪೈಪಿನ ತುದಿಯಲ್ಲಿ 1.07 ಮೀಟರ್ ಎಂದು ಹಿಡಿಯುತ್ತಾರೆ. 1.07ಕ್ಕೆ 0.59 ಕೂಡಿಸಿ 0.09 ಕಳೆದರೆ ನಿಮ್ಮ 1.57. ಬಾಯಿಯೇ ಹೆಚ್ಚು ಕೇಳುತ್ತಿದೆ, ಆದ್ದರಿಂದ 1.72 ಗೆಲ್ಲುತ್ತದೆ.

ಈಗ ಇದೇ ಹಳ್ಳ ಮುಂದೆ ಹೋಗಿ ವರದಾ ನದಿ ಸೇರುತ್ತದೆ ಎಂದುಕೊಳ್ಳಿ. ನದಿ ಏರಿ ಹಳ್ಳದೊಳಗೆ ನೀರು ಹಿಂದಕ್ಕೆ ನುಗ್ಗಿ, ಪೈಪಿನ ಕೆಳಬಾಯಿಯಲ್ಲಿ 1.5 ಮೀಟರ್ ನಿಂತಿತು. ಮೊದಲ ಲೆಕ್ಕ ಬದಲಾಗುವುದಿಲ್ಲ, 1.72ರಲ್ಲೇ ಇರುತ್ತದೆ. ಎರಡನೆಯದು 1.5ಕ್ಕೆ 0.59 ಕೂಡಿಸಿ 0.09 ಕಳೆದು 2.0 ಮೀಟರ್ ಆಯಿತು. ರಸ್ತೆ ಮುಳುಗಲು ಇನ್ನು 10 ಸೆಂ.ಮೀ. ಬಾಕಿ. ಈ ಪೈಪಿನಲ್ಲಿ ಅಧಿಕಾರ ಕೈ ಬದಲಾಗುವುದು ಕೆಳಬದಿಯ ನೀರು ಸುಮಾರು 1.22 ಮೀಟರ್ ಮುಟ್ಟಿದಾಗ, ಎಂದರೆ ಹೆಚ್ಚುಕಡಿಮೆ ಹೊರಬಾಯಿ ಪೂರ್ತಿ ಮುಳುಗಿದಾಗ. ಅಲ್ಲಿಂದಾಚೆ ಕೆಳಗೆ ಒಂದು ಗೇಣು ಏರಿದರೆ ಮೇಲೆಯೂ ಒಂದು ಗೇಣು ಏರುತ್ತದೆ.

ಧಾರವಾಡದವರ ಮಾತು ಅರ್ಧ ಸರಿ. ತೀರ ಸಪಾಟಾದ ಪೈಪಿನಲ್ಲಿ ಔಟ್‌ಲೆಟ್ ಮೇಲುಗೈ ಪಡೆಯುವುದು ಉಂಟು. ಆದರೆ ಇಳಿಜಾರು ಬದಲಾಗದೆಯೇ, ಬರೀ ಕೆಳಬದಿಯ ನೀರಿನಿಂದ ಇಲ್ಲಿ ಅದು ಬದಲಾಯಿತಲ್ಲ? ಬಾಯಿಯೇ ಬಿಗಿಯಾಗಿರುವಾಗ ಇಳಿಜಾರು ಹೆಚ್ಚಿಸಿದರೆ ಮೇಲಿನ ನೀರು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಕೆಳಗೆ ನೀರು ರಭಸದಿಂದ ಬಿದ್ದು ಹೊರಬಾಯಿಯ ಮುಂದಿನ ನೆಲಹಾಸು, ಏಪ್ರನ್, ಕೊರೆದು ಹೋಗುತ್ತದೆ.

ಧಾರವಾಡದ ಗುತ್ತಿಗೆದಾರರು

ಕೆಲಸದ ಜಾಗದಲ್ಲಿ ಯಾರು ಸರ್ ಇಷ್ಟೆಲ್ಲ ಕೂಡಿಸಿ ಕಳೆಯುತ್ತಾರೆ? ನೋಡಿದ ಕೂಡಲೇ ತಿಳಿಯುವ ಗುರುತು ಹೇಳಿ.

ಗದಗದ ನಿವೃತ್ತ ಎಂಜಿನಿಯರ್

ಮಳೆ ಜೋರಾಗಿರುವಾಗಲೇ ಹೋಗಿ ಕೆಳಬದಿ ನೋಡಿ. ಮೇಲೆ ಬಾಯಿ ಮುಳುಗಿದ್ದು, ಕೆಳಗೆ ಪೈಪಿನ ಮೇಲ್ಭಾಗ ಖಾಲಿಯಿದ್ದು ನೀರು ಚಿಮ್ಮಿ ಬೀಳುತ್ತಿದ್ದರೆ ಬಾಯಿಯದೇ ತಕರಾರು. ಹೊರಬಾಯಿ ಕಾಣದಷ್ಟು ಮುಳುಗಿದ್ದು ನೀರು ಮಂದವಾಗಿ ಹೋಗುತ್ತಿದ್ದರೆ ಕೆಳಗಿನ ತಕರಾರು ಎಂದು ಊಹಿಸಬಹುದು. ಮಳೆ ನಿಂತ ಮೇಲಾದರೆ ಎರಡೂ ಬದಿಯಲ್ಲಿ ಪೈಪಿನ ಬಾಯಿ ಸುತ್ತ ಕಟ್ಟಿದ ಹೆಡ್‌ವಾಲ್ ಗೋಡೆಯ ಮೇಲೆ ಕಸಕಡ್ಡಿ ಅಂಟಿದ ಗೆರೆ ಹುಡುಕಿ, ಪೈಪಿನ ತಳದಿಂದ ಟೇಪು ಹಿಡಿಯಿರಿ. ಬಾಯಿಗೆ ಬಳ್ಳಾರಿ ಜಾಲಿಯ ಟೊಂಗೆ ಸಿಕ್ಕಿಕೊಂಡಿದ್ದರೆ ಮಾತ್ರ ಯಾವ ಸೂತ್ರವೂ ಸರಿಬರುವುದಿಲ್ಲ, ಮೊದಲು ಅದನ್ನು ತೆಗೆಸಿ.

ಕೆಳಗಿನ ತಕರಾರಾದರೆ ಇನ್ನೊಂದು ಪೈಪ್ ಹಾಕಿದರೂ ಒಂದು ಮಿತಿ ಇದೆ. ನೀರು ಎರಡು ಪೈಪಿಗೆ ಹಂಚಿಹೋದರೆ 59 ಸೆಂ.ಮೀ. ಇದ್ದ ನಷ್ಟ 15ಕ್ಕೆ ಇಳಿಯುತ್ತದೆ, ಮೇಲಿನ ನೀರು 2.0ರಿಂದ 1.56ಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಪೈಪ್ ಹಾಕಿದರೂ 1.41ರ ಕೆಳಗೆ ಹೋಗುವುದಿಲ್ಲ, ಏಕೆಂದರೆ ಆ ನೀರನ್ನು ಹಿಡಿದಿರುವುದು ನದಿ. ನಾಲ್ಕನೆಯ ಪೈಪಿಗೆ ಎಸ್ಟಿಮೇಟ್ ಮಾಡಿಸುವ ಮುನ್ನ ಪಂಚಾಯಿತಿಯವರು ಇದನ್ನು ಕೇಳಬೇಕು.

ಹಾವೇರಿಯ ಅನುವಾದಕಿ

ಈಗ ದಾರಿ ಕಂಡಿತು ಸರ್. ‘ಬಾಯಿಬಿಗಿ ಹರಿವು’, ‘ತುದಿಬಿಗಿ ಹರಿವು’ ಎಂದರೆ ಹೇಗೆ? ಹೆಡ್‌ವಾಟರ್ ಆಳಕ್ಕೆ ‘ಮೇಲ್ಬದಿ ನಿಂತ ನೀರಿನ ಆಳ’ ಎಂದು ಬಿಡಿಸಿಯೇ ಬರೆಯುತ್ತೇನೆ. ಹಿನ್ನೀರು ಎಂದರೆ ಕೆಳಗಿನಿಂದ ನುಗ್ಗಿದ ವರದೆಯ ನೀರೋ, ರಸ್ತೆಯ ಮೇಲ್ಬದಿ ನಿಂತ ನೀರೋ ತಿಳಿಯುವುದಿಲ್ಲ.

ಹುಬ್ಬಳ್ಳಿಯ ಕನ್ನಡ ಪ್ರಾಧ್ಯಾಪಕರು

ಹಿನ್ನೀರನ್ನು ಹಿಂದಕ್ಕೆ ಪಡೆದಿದ್ದೇನೆ. ‘ಬಾಯಿಬಿಗಿ’ ಚೆನ್ನಾಗಿದೆ. ‘ತುದಿಬಿಗಿ’ ಒಪ್ಪಲಾರೆ, ಎಂಜಿನಿಯರರ ಲೆಕ್ಕದಲ್ಲಿ ಗೋಡೆಯ ತಿಕ್ಕಾಟವೂ ಬಾಯಿಯ ನಷ್ಟವೂ ಸೇರಿವೆ, ಬಿಗಿ ಬರೀ ತುದಿಯಲ್ಲಿಲ್ಲ. ಕೆಳಬದಿಯ ನೀರಿಗೆ ‘ಒತ್ತುನೀರು’ ಎನ್ನಬಹುದೇ?

ಗದಗದ ನಿವೃತ್ತ ಎಂಜಿನಿಯರ್

ಆಕ್ಷೇಪಣೆ ಸರಿಯಾಗಿದೆ ಗುರುಗಳೇ, ಇಂಗ್ಲಿಷಿನ ‘ಔಟ್‌ಲೆಟ್ ಕಂಟ್ರೋಲ್’ ಹೆಸರಿಗೂ ಅದನ್ನೇ ಹೇಳಬಹುದು. ‘ಒತ್ತುನೀರು’ ಮಾತ್ರ ಬೇಡ. ಪೈಪಿನ ತುದಿಯ ಕೆಳಗೆ ಅರ್ಧ ಮೀಟರ್ ನೀರಿದ್ದಾಗಲೂ ಅದಕ್ಕೊಂದು ಹೆಸರು ಬೇಕು, ಆಗ ಅದು ಯಾರನ್ನೂ ಒತ್ತುವುದಿಲ್ಲ.

ನವಲಗುಂದದ ರೈತರು

ಹಾಗಾದರೆ ಇದು ಕಾಲುವೆಯ ವಿಷಯವೇ ಅಲ್ಲ ಎಂದಾಯಿತು. ಆದರೂ ಕೇಳುತ್ತೇನೆ: ಬೆಣ್ಣಿಹಳ್ಳ ಏರಿದಾಗ ನಮ್ಮ ಹೊಲದ ದಾರಿಯ ಪೈಪಿನಲ್ಲಿ ನೀರು ಹಿಮ್ಮುಖವಾಗಿ ಬರುತ್ತದೆ. ಆಗ ಬಾಯಿ ಯಾವುದು, ತುದಿ ಯಾವುದು?