ಸಣ್ಣ ಕ್ಲಿನಿಕ್‌ನಲ್ಲಿ ಸಂಜೆಗೆ ಎಷ್ಟು ಟೋಕನ್ ಕೊಡಬಹುದು? ಡಾ. ವಸುಧಾ ಅವರ ಜೊತೆ ಪ್ರಶ್ನೋತ್ತರ

ಗಿರೀಶ್, ವಿಜಯನಗರ: ಮೇಡಂ, ನನ್ನ ತಮ್ಮ ಡಾಕ್ಟರು. ಕ್ಲಿನಿಕ್ ಸಂಜೆ 6ರಿಂದ 9. ದಿನಾ 45 ಟೋಕನ್ ಹೋಗುತ್ತೆ, ಬಾಗಿಲು ಹಾಕುವಾಗ ಹತ್ತೂವರೆ. ಒಬ್ಬ ನರ್ಸ್, ರಿಸೆಪ್ಷನ್‌ಗೆ ಒಬ್ಬ ಹುಡುಗಿ. ಎರಡನೇ ಡಾಕ್ಟರನ್ನು ಇಟ್ಟುಕೊಳ್ಳಬೇಕಾ?

ಡಾ. ವಸುಧಾ: ಈಗಲೇ ಹೇಳಲಾರೆ. ಯಾರಿಗೆ ಎಷ್ಟು ನಿಮಿಷ ಹಿಡಿಯುತ್ತೆ, ಗಡಿಯಾರ ಹಿಡಿದು ಬರೆದುಕೊಂಡು ಬನ್ನಿ. ನರ್ಸಿನ ಕೆಲಸವನ್ನೂ ಬರೆಯಿರಿ, ಅದನ್ನೇ ಎಲ್ಲರೂ ಮರೆಯೋದು.

ಮಂಜು: ಇದರಲ್ಲಿ ಯೋಚನೆ ಮಾಡೋದು ಏನಿದೆ? ರೋಗಿಗಳು ಜಾಸ್ತಿ ಅಂದ್ರೆ ಡಾಕ್ಟರು ಕಮ್ಮಿ ಅಂತ ತಾನೆ. ಇನ್ನೊಬ್ಬರನ್ನು ಕೂರಿಸಿ, ಮುಗೀತು.

ಗಿರೀಶ್, ವಿಜಯನಗರ: ಬರೆದುಕೊಂಡೆ ಮೇಡಂ. ಶುಗರ್, ಬಿ.ಪಿ. ಅಂತ ತಿಂಗಳಿಗೊಮ್ಮೆ ಬರುವವರು 12 ಜನ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಉಳಿದ 33 ಜನ ಜ್ವರ, ಕೆಮ್ಮು, ಹೊಟ್ಟೆನೋವು, ಒಬ್ಬರಿಗೆ ಸುಮಾರು ನಾಲ್ಕೂವರೆ ನಿಮಿಷ. ನರ್ಸ್ ಪ್ರತಿಯೊಬ್ಬರ ತೂಕ, ಬಿ.ಪಿ. ನೋಡ್ತಾರೆ, ಮೂರು ನಿಮಿಷ. ಜ್ವರ, ಗಾಯ ಅಂತ ಬಂದವರಲ್ಲಿ 15 ಜನಕ್ಕೆ ಇಂಜೆಕ್ಷನ್, ಡ್ರೆಸ್ಸಿಂಗ್ ಅಥವಾ ನೆಬುಲೈಜರ್, ತಲಾ ಎಂಟು ನಿಮಿಷ.

ಡಾ. ವಸುಧಾ: ಇದು ಲೆಕ್ಕ. ಈಗ ಮಾತಾಡೋಣ. ಡಾಕ್ಟರ ಕೆಲಸ 120 ಮತ್ತು ಸುಮಾರು 150, ಒಟ್ಟು 270 ನಿಮಿಷ. ಕೈಯಲ್ಲಿರೋದು 180. ಅದಕ್ಕೇ ಹತ್ತೂವರೆ, ಅದರಲ್ಲಿ ಆಶ್ಚರ್ಯ ಇಲ್ಲ. ನರ್ಸಿಗೆ ಬನ್ನಿ. 45 ಜನಕ್ಕೆ ಮೂರು ನಿಮಿಷದಂತೆ 135, ಅದರ ಮೇಲೆ 15 ಜನಕ್ಕೆ ಎಂಟರಂತೆ 120. ಒಟ್ಟು 255. ಅವರೂ ಸಮಯ ಮೀರಿದ್ದಾರೆ. ಮೂರು ಗಂಟೆಯೊಳಗೆ ಡಾಕ್ಟರು ಮುಗಿಸಬಹುದಾದದ್ದು 30 ಜನ, ನರ್ಸ್ ಮುಗಿಸಬಹುದಾದದ್ದು 31.

ಮಂಜು ಅವರೇ, ಎರಡನೇ ಡಾಕ್ಟರು ಬಂದರೆ ಡಾಕ್ಟರ ಕೋಣೆಯಿಂದ 60 ಜನ ಹೊರಬರಬಹುದು, ಆದರೆ ನರ್ಸ್ ಬಾಗಿಲಲ್ಲಿ ದಾಟೋದು 31 ಜನವೇ. ಸಂಬಳ ಎರಡು ಪಟ್ಟು, ಸಾಲು ಅಷ್ಟೇ.

ಮಾಡಬೇಕಾದದ್ದು ಹೀಗೆ. ಆ ಶುಗರ್, ಬಿ.ಪಿ. ಜನ ಸಂಜೆ ಬರಲೇಬೇಕು ಅಂತೇನಿಲ್ಲ. ವಾರದಲ್ಲಿ ಎರಡು ಬೆಳಿಗ್ಗೆ ಅವರಿಗೇ ಅಂತ ಇಟ್ಟು, ಸಮಯ ಕೊಟ್ಟು ಕರೆಯಿರಿ. ಆಫೀಸಿನವರು ಬೆಳಿಗ್ಗೆ ಬರಲ್ಲ ಅಂತೀರಿ, ಸರಿ, ಅವರಿಗೆ ಶನಿವಾರ. ಸಂಜೆಗೆ ಉಳಿದವರು 33, ಡಾಕ್ಟರಿಗೆ 150 ನಿಮಿಷ. ಅರ್ಧ ಗಂಟೆ ಖಾಲಿ ಇದೆ ಅಂತ ಅದನ್ನೂ ತುಂಬಬೇಡಿ. ಉಸಿರಾಟ ಕಷ್ಟವಾದ ಮಗು ಟೋಕನ್ ಕೇಳಿಕೊಂಡು ಬರಲ್ಲ. ನರ್ಸಿಗೆ ಆಗಲೂ 219 ನಿಮಿಷ ಕೆಲಸ ಇರುತ್ತೆ. ಆದ್ದರಿಂದ ಆರೂವರೆಯಿಂದ ಎಂಟೂವರೆವರೆಗೆ ಇನ್ನೊಬ್ಬ ನರ್ಸ್ ಸಾಕು. ಡಾಕ್ಟರಿಗಿಂತ ಖರ್ಚು ಎಷ್ಟೋ ಕಮ್ಮಿ.

ಟೋಕನ್ ಗಂಟೆಗೆ ಇಷ್ಟು ಅಂತ ಕೊಡಿ: ಆರಕ್ಕೆ 12, ಏಳಕ್ಕೆ 12, ಎಂಟಕ್ಕೆ 9. ಈಗ ನಿಮ್ಮಲ್ಲಿ ಏಳರಿಂದ ಎಂಟರೊಳಗೆ ಎಷ್ಟು ಜನ ಬರ್ತಾರೆ? ಕುರ್ಚಿ ಎಷ್ಟಿದೆ?

ಗಿರೀಶ್, ವಿಜಯನಗರ: 25 ಜನ ಬರ್ತಾರೆ. ಕುರ್ಚಿ 14.

ಡಾ. ವಸುಧಾ: ನಾಲ್ಕೂವರೆ ನಿಮಿಷದ ಕೇಸುಗಳನ್ನೇ ನೋಡಿದರೂ ಡಾಕ್ಟರು ಗಂಟೆಗೆ ಮುಗಿಸೋದು 13. ಆದ್ದರಿಂದ ಎಂಟಕ್ಕೆ 12 ರೋಗಿಗಳು ಕೂತಿರ್ತಾರೆ, ಜೊತೆಗೆ ಬಂದವರು ಇನ್ನೊಂದು ಹತ್ತು. ನಿಮ್ಮ 14 ಕುರ್ಚಿ ಅಲ್ಲೇ ಮುಗೀತು. ಜ್ವರದವರು ಮೆಟ್ಟಿಲ ಮೇಲೆ ಕೂರ್ತಾರೆ. ಇಂಜೆಕ್ಷನ್ ತಗೊಂಡವರನ್ನು ಅರ್ಧ ಗಂಟೆ ಕೂರಿಸಿ ನೋಡಿಕೊಳ್ಳಬೇಕು, ಅವರಿಗೂ ಜಾಗ ಬೇಕಲ್ವಾ?

ಒಂದು ವಿಷಯ ನೇರವಾಗಿ ಕೇಳ್ತೀನಿ. ನರ್ಸ್ ಡ್ರೆಸ್ಸಿಂಗ್‌ನಲ್ಲಿದ್ದಾಗ ಇಂಜೆಕ್ಷನ್ ಯಾರು ಹಾಕ್ತಾರೆ?

ಗಿರೀಶ್, ವಿಜಯನಗರ: ಒಂದೊಂದ್ಸಲ ರಿಸೆಪ್ಷನ್ ಹುಡುಗಿ. ಅವಳಿಗೆ ಚೆನ್ನಾಗಿ ಬರುತ್ತೆ, ನರ್ಸೇ ಕಲಿಸಿದ್ದಾರೆ.

ಡಾ. ವಸುಧಾ: ನಾಳೆಯಿಂದ ಬೇಡ. ಸೂಜಿ ಚುಚ್ಚೋದು ಬಂದರೆ ಆಗಲ್ಲ. ಅಲರ್ಜಿಯಾಗಿ ಮುಖ ಊದಿಕೊಂಡು ಉಸಿರು ಕಟ್ಟುವಾಗ ಏನು ಮಾಡಬೇಕು ಅಂತ ಗೊತ್ತಿರಬೇಕು. ಅಡ್ರಿನಲಿನ್ ಆಂಪೂಲ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಆಮ್ಲಜನಕದ ಸಿಲಿಂಡರ್ ಇಂಜೆಕ್ಷನ್ ಕೋಣೆಯಲ್ಲೇ ಇರಲಿ, ಬೀಗ ಹಾಕಿದ ಕಪಾಟಿನಲ್ಲಲ್ಲ. ಸಿಲಿಂಡರಿನ ಮೀಟರ್ ಮುಳ್ಳು ದಿನಾ ಕ್ಲಿನಿಕ್ ತೆರೆದಾಗ ಒಬ್ಬರು ನೋಡಿ ಸಹಿ ಹಾಕಲಿ. ಸಿಲಿಂಡರ್ ಇದೆ, ಒಳಗೆ ಗಾಳಿ ಇಲ್ಲ, ಇದನ್ನು ನಾನು ನೋಡಿದ್ದೇನೆ. ಆ ಹುಡುಗಿಗೆ ತೂಕ, ಟೋಕನ್ ಸಾಕು. ಬಿ.ಪಿ.ಯನ್ನು ನರ್ಸ್ ನೋಡಲಿ, ಮೆಟ್ಟಿಲು ಹತ್ತಿ ಬಂದ ತಕ್ಷಣ ಅಲ್ಲ, ಐದು ನಿಮಿಷ ಕೂತ ಮೇಲೆ.

ಸುಮಾ, ಜಯನಗರ: ಮೇಡಂ, ಅಮ್ಮನಿಗೂ ಬಿ.ಪಿ. 150 ಬರುತ್ತೆ, ಮಾತ್ರೆ ಎರಡು ಹೊತ್ತು ಮಾಡಬಹುದಾ?

ಡಾ. ವಸುಧಾ: ಇಲ್ಲಿ ಅದಕ್ಕೆ ಉತ್ತರ ಇಲ್ಲ. ಅವರ ಡಾಕ್ಟರನ್ನು ಕೇಳಿ.

ನಾಗರತ್ನ: ಗಂಟೆ ಲೆಕ್ಕದ ಟೋಕನ್ ಅಂದ್ರೆ ಫೋನಿನಲ್ಲಿ ಮಾಡೋರಿಗೆ ಮಾತ್ರ. ನಮ್ಮ ಅತ್ತೆಯಂಥವರು ಏನು ಮಾಡಬೇಕು?

ಮಂಜು: ಮನೆಯವರು ಮಾಡಿಕೊಡ್ತಾರೆ. ಎಲ್ಲದಕ್ಕೂ ತಕರಾರು.

ನಾಗರತ್ನ: ಮನೆಯಲ್ಲಿ ಯಾರೂ ಇಲ್ಲದವರು ಇರ್ತಾರೆ ಸಾರ್. ನಿಮಗೆ ಗೊತ್ತಿಲ್ಲದ ಲೋಕವೂ ಇದೆ.

ಗಿರೀಶ್, ವಿಜಯನಗರ: ಬಾಗಿಲಲ್ಲಿ ಚೀಟಿ ಕೊಡೋದನ್ನು ನಿಲ್ಲಿಸಲ್ಲ ಅಕ್ಕ. ಅದೇ ಗಂಟೆಯೊಳಗೆ ಎರಡು ಟೋಕನ್ ಬಿಟ್ಟಿರ್ತೀವಿ.

ಮಂಜು: ಎರಡು ಸಾಕಾಗಲ್ಲ, ನಾನು ಹೇಳ್ತೀನಿ ನೋಡಿ. ಜಗಳ ನಡೆಯೋದು ಅಲ್ಲೇ.

ರವಿ, ಯಲಹಂಕ: ಎಲ್ಲರಿಗೂ ಉಪಯೋಗ ಆಗಲಿ ಅಂತ. ನನಗೆ ಬಂದ ಫಾರ್ವರ್ಡ್: ಕರೆಂಟ್ ಹೋಗುವ ದಿನ ಲಸಿಕೆ ಫ್ರಿಜ್ಜಿನ ನಾಬ್ ಪೂರ್ತಿ ತಿರುಗಿಸಿ ಇಡಿ, ತಂಪು ಉಳಿಯುತ್ತೆ. ಹೆಪ್ಪುಗಟ್ಟಿದರೆ ಅಂಗೈಯಲ್ಲಿ ಉಜ್ಜಿ ಕರಗಿಸಿ ಬಳಸಿ.

ಡಾ. ವಸುಧಾ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಹೆಪಟೈಟಿಸ್ ಬಿ, ಡಿ.ಪಿ.ಟಿ. ತರಹದವು ಒಮ್ಮೆ ಹೆಪ್ಪುಗಟ್ಟಿದರೆ ಹಾಳು. ಕರಗಿಸಿದರೆ ಸರಿಯಾಗಲ್ಲ. ಅಂಥ ಬಾಟಲಿ ಅಲುಗಾಡಿಸಿ ಇಟ್ಟರೆ ಬಿಳಿ ಪುಡಿ ಬೇಗ ಕೆಳಗೆ ಕೂರುತ್ತೆ. ಆದರೆ ಕಣ್ಣಿಗೆ ಕಾಣದೆ ಕೆಟ್ಟದ್ದೂ ಇರಬಹುದು. ಮಗುವಿಗೆ ಸೂಜಿ ಚುಚ್ಚಿದ ತೃಪ್ತಿ, ರಕ್ಷಣೆ ಇಲ್ಲ. ಲಸಿಕೆಗೆ 2ರಿಂದ 8 ಡಿಗ್ರಿ. ಒಳಗೆ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಬರೆಯಿರಿ. ಬಾಗಿಲಿನ ಹಲಗೆಯಲ್ಲಿ ಇಡಬೇಡಿ, ಹಾಲು ಮೊಸರು ಜೊತೆಗೆ ಇಡಬೇಡಿ. ಕರೆಂಟ್ ಹೋದರೆ ಬಾಗಿಲು ತೆಗೆಯದೆ ಇರಿ. ಅಷ್ಟರಿಂದ ತಂಪು ಉಳಿಯದಿದ್ದರೆ ಲಸಿಕೆ ದಾಸ್ತಾನು ಮಾಡಬೇಡಿ, ಬೇಕಾದಷ್ಟೇ ತನ್ನಿ.

ರವಿ, ಯಲಹಂಕ: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಹಾಕಿದೆ.

ಡಾ. ವಸುಧಾ: ಅದೇ ತೊಂದರೆ.

ಕಿರಣ್: ಹಾಸಿಗೆ ಇಲ್ಲದ ಕ್ಲಿನಿಕ್‌ಗೆ ಕೆ.ಪಿ.ಎಂ.ಇ., ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇಡ ಅಂತ ಗ್ರೂಪಲ್ಲಿ ಬಂದಿತ್ತು, ನಿಜವಾ?

ಡಾ. ವಸುಧಾ: ಬೇಕು. ಕ್ಲಿನಿಕ್ ಕೂಡ 2007ರ ಕಾಯ್ದೆಯೊಳಗೇ ಬರುತ್ತೆ.

ಕಿರಣ್: ಹಾಗಾದ್ರೆ ಎಕ್ಸ್‌ರೇ ಕೋಣೆಗೆ ಬೇರೆ ಅನುಮತಿ ಬೇಕಾ? ಬಾಡಿಗೆ ಕಟ್ಟಡ.

ಸವಿತಾ, ಪೀಣ್ಯ: ನಮ್ಮದೂ ಸಣ್ಣ ಕ್ಲಿನಿಕ್. ಎಷ್ಟು ಸ್ಟಾಫ್ ಬೇಕು ಅಂತ ಹೇಳಿ ಮೇಡಂ.

ಡಾ. ವಸುಧಾ: ಮೇಲೆ ಓದಿ. ನಿಮಿಷ ಬರೆಯಿರಿ, ಆಮೇಲೆ ಕೇಳಿ.

ಸವಿತಾ, ಪೀಣ್ಯ: ಸುಮ್ನೆ ಒಂದು ಅಂದಾಜು ಹೇಳಬಾರದಾ?

ಡಾ. ವಸುಧಾ: ಗಿರೀಶ್ ಅವರೂ ಅಂದಾಜಿನಲ್ಲೇ ಡಾಕ್ಟರನ್ನು ಹುಡುಕುತ್ತಿದ್ದರು.

ಮಂಜು: ಇನ್ನೂ ನನಗೆ ಒಪ್ಪಿಗೆ ಇಲ್ಲ. ಡಾಕ್ಟರ್ ಇಬ್ಬರು, ನರ್ಸ್ ಇಬ್ಬರು ಅಂದ್ರೆ 60 ಜನ ಆಗುತ್ತಲ್ವಾ?

ಡಾ. ವಸುಧಾ: ಆಗುತ್ತೆ. ಕೂರಲು 14 ಕುರ್ಚಿ, ಒಂದೇ ಡ್ರೆಸ್ಸಿಂಗ್ ಕೋಣೆ. ಅದಕ್ಕೊಂದು ಲೆಕ್ಕ ಹಾಕಿ ಕಳಿಸಿ.

ಗಿರೀಶ್, ವಿಜಯನಗರ: ಮೇಡಂ, ತಮ್ಮ ಸೋಮವಾರದಿಂದ ಟೋಕನ್ ಬದಲಾಯಿಸ್ತೀನಿ ಅಂದ. ಹುಡುಗಿಗೆ ಇಂಜೆಕ್ಷನ್ ನಿಲ್ಲಿಸಿದ್ದಕ್ಕೆ ಅವಳಿಗೆ ಬೇಜಾರು.

ಡಾ. ವಸುಧಾ: ಬೇಜಾರಾಗಲಿ ಬಿಡಿ. ಸಿಲಿಂಡರ್ ನೋಡಿದ್ರಾ?