ಒಂದೇ ದಿನ ಸೇರಿದವರ ಸಂಬಳ ಬೇರೆಯಾದದ್ದು ಹೇಗೆ? – ಗುಂಪಿನ ಪ್ರಶ್ನೋತ್ತರ

ಸುಮಾ, ಮೈಸೂರು: ವಸುಧಾ ಮೇಡಂ, 2018ರಲ್ಲಿ ನನಗೂ ನನ್ನೊಡನೆ ಒಂದೇ ದಿನ ಸೇರಿದ ಪುರುಷ ಸಹೋದ್ಯೋಗಿಗೂ ತಿಂಗಳಿಗೆ 60,000 ರೂಪಾಯಿ ಸಂಬಳವಿತ್ತು. ಮಗು ಹುಟ್ಟಿದ್ದರಿಂದ ನಾನು ಮೂರು ವರ್ಷ ಕೆಲಸ ಬಿಟ್ಟೆ. 2021ರಲ್ಲಿ ಬೇರೊಂದು ಕಂಪನಿ ಹಳೆಯ ಸ್ಯಾಲರಿ ಸ್ಲಿಪ್ ನೋಡಿ, ಅದರ ಮೇಲೆ ಶೇ. 10 ಸೇರಿಸಿ 66,000ಕ್ಕೆ ತೆಗೆದುಕೊಂಡಿತು. ಆ ಸಹೋದ್ಯೋಗಿಗೆ 2020ರಲ್ಲಿ ಬಡ್ತಿ ಸಿಕ್ಕಿ, ಆಗ ಶೇ. 20ರಷ್ಟು ಹೆಚ್ಚಾಯಿತು. ಅದನ್ನು ಬಿಟ್ಟರೆ ಇಬ್ಬರಿಗೂ ವರ್ಷಕ್ಕೆ ಶೇ. 10ರಂತೆ ಇನ್‌ಕ್ರಿಮೆಂಟ್ ಬಂದಿದೆ. 2025ರ ಹೊತ್ತಿಗೆ ನನಗೆ 96,600, ಅವರಿಗೆ 1,40,300. ಇದು ತಾರತಮ್ಯವೇ?

ವಸುಧಾ (ಸಂಬಳ ರಚನೆಯ ಸಲಹೆಗಾರ್ತಿ): ಸುಮಾ ಅವರೇ, ಲೆಕ್ಕ ಇಷ್ಟು ಚೊಕ್ಕವಾಗಿ ಕೊಟ್ಟಿದ್ದೀರಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇಬ್ಬರ ನಡುವಿನ ಅಂತರ 43,700 ರೂಪಾಯಿ. ಅವರಿಗೆ ಬಡ್ತಿ ಸಿಕ್ಕಿರಲೇ ಇಲ್ಲವೆಂದು ಭಾವಿಸಿ ಏಳು ಇನ್‌ಕ್ರಿಮೆಂಟುಗಳನ್ನು ಮಾತ್ರ ಲೆಕ್ಕ ಹಾಕಿದರೆ ಅವರ ಸಂಬಳ ಸುಮಾರು 1,16,900 ಆಗುತ್ತಿತ್ತು. ಹಾಗಾಗಿ ಬಡ್ತಿಯ ಪಾಲು 23,400, ಉಳಿದ 20,300 ನಿಮ್ಮ ಬಿಡುವಿನದು. ನೀವು ಮನೆಯಲ್ಲಿದ್ದ ಮೂರು ವರ್ಷಗಳಲ್ಲಿ ಮೂರು ಇನ್‌ಕ್ರಿಮೆಂಟುಗಳು ಕಳೆದುಹೋದವು, ಸೇರುವಾಗ ಒಂದು ಸಿಕ್ಕಿತು, ಎರಡು ಶಾಶ್ವತವಾಗಿ ಹಿಂದೆ ಉಳಿದವು. ಆಮೇಲೆ ಇಬ್ಬರಿಗೂ ಸಮನಾಗಿ ಶೇ. 10 ಏರಿದರೂ ಆ ಅಂತರ ಮುಚ್ಚುವುದಿಲ್ಲ. ಶೇಕಡಾವಾರಿನಲ್ಲಿ ಹಾಗೆಯೇ ನಿಂತು, ರೂಪಾಯಿಯಲ್ಲಿ ಪ್ರತಿ ವರ್ಷ ಬೆಳೆಯುತ್ತದೆ.

ಆದರೆ ನನ್ನನ್ನು ಕಾಡುವುದು ಬಿಡುವಿಗಿಂತ ಹೆಚ್ಚಾಗಿ ಆ ಸ್ಯಾಲರಿ ಸ್ಲಿಪ್. ಹೊಸ ಕಂಪನಿ ನಿಮ್ಮ ಹುದ್ದೆಗೆ 2021ರಲ್ಲಿ ಮಾರುಕಟ್ಟೆಯಲ್ಲಿ ಎಷ್ಟಿತ್ತು ಎಂದು ನೋಡದೆ, 2018ರಲ್ಲಿ ನಿಮಗೆ ಎಷ್ಟು ಬರುತ್ತಿತ್ತು ಎಂದು ನೋಡಿತು. ಬಿಡುವಿನಲ್ಲಿ ಕೆಲಸದ ರೂಢಿ ಸ್ವಲ್ಪ ತಪ್ಪಿದ್ದರೆ ಅದಕ್ಕೊಂದು ಬೆಲೆ ಕಟ್ಟಬಹುದು. ಆದರೆ ಹಳೆಯ ಚೀಟಿಯನ್ನು ಆಧಾರ ಮಾಡಿಕೊಂಡಾಗ ಆ ಕಡಿತದ ಜೊತೆಗೆ ಮೂರು ವರ್ಷಗಳ ಬೆಲೆಯೇರಿಕೆಯ ಪಾಲೂ ಕೈತಪ್ಪುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2018ರಿಂದ, ಕೆಲಸ ಕೊಡುವ ಮೊದಲು ಹಳೆಯ ಸಂಬಳ ಕೇಳುವುದನ್ನೇ ಕಾನೂನು ತಡೆದಿರುವುದು ಈ ಕಾರಣಕ್ಕೆ. ನಿಮ್ಮ ಈಗಿನ ಹುದ್ದೆಯ ವೇತನ ಮಿತಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಎಚ್‌ಆರ್ ವಿಭಾಗವನ್ನು ಲಿಖಿತವಾಗಿ ಕೇಳಿ. ತಾರತಮ್ಯ ಹೌದೋ ಅಲ್ಲವೋ ಎಂಬುದನ್ನು ಇಬ್ಬರ ಸಂಬಳ ನೋಡಿ ಹೇಳಲಾಗದು, ಅದರಲ್ಲೂ ಈಗ ನೀವಿಬ್ಬರೂ ಬೇರೆ ಬೇರೆ ಹುದ್ದೆಯಲ್ಲಿದ್ದೀರಿ.

ರಮೇಶ, ಹುಬ್ಬಳ್ಳಿ: ಹಾಗಾದರೆ ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೊಡುತ್ತಾರೆ ಎನ್ನುವುದು ಸುಳ್ಳು ತಾನೇ?

ವಸುಧಾ: ಗಂಡಸರ ಮತ್ತು ಹೆಂಗಸರ ಸರಾಸರಿ ಸಂಬಳಗಳ ಅಂತರ ಅದನ್ನು ಹೇಳುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಮಂಜುಳಾ: ನಾನು ಬಸ್ ಕಂಡಕ್ಟರ್. ನಮ್ಮಲ್ಲಿ ಗಂಡಸರಿಗೂ ಹೆಂಗಸರಿಗೂ ವೇತನ ಶ್ರೇಣಿ ಒಂದೇ, ಚೌಕಾಸಿಗೆ ಜಾಗವೇ ಇಲ್ಲ. ಆದರೂ ತಿಂಗಳ ಕೊನೆಗೆ ಅವರ ಕೈಗೆ ಹೆಚ್ಚು ಬರುತ್ತದೆ. ಇದು ಹೇಗೆ ಮೇಡಂ?

ವಸುಧಾ: ಮಂಜುಳಾ ಅವರೇ, ಬಾಸ್ಟನ್ ನಗರದ ಬಸ್ಸು ಮತ್ತು ರೈಲು ಚಾಲಕರ ಹಾಜರಿ ದಾಖಲೆಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಇದೇ ಪ್ರಶ್ನೆ ಇಟ್ಟುಕೊಂಡು ಜಾಲಾಡಿದ್ದಾರೆ. ಅಲ್ಲಿಯೂ ಕಾರ್ಮಿಕ ಸಂಘದ ಒಪ್ಪಂದದಂತೆ ಗಂಟೆಯ ದರವೂ ಬಡ್ತಿಯ ಕ್ರಮವೂ ಎಲ್ಲರಿಗೂ ಒಂದೇ. ಆದರೂ ಗಂಡಸು ಒಂದು ಡಾಲರ್ ಗಳಿಸಿದರೆ ಹೆಂಗಸು ಗಳಿಸುತ್ತಿದ್ದುದು 89 ಸೆಂಟ್. ಹೆಂಗಸರು ವಾರಕ್ಕೆ ಸರಾಸರಿ ಒಂದೂವರೆ ಗಂಟೆ ಕಡಿಮೆ ಓಟಿ ಮಾಡುತ್ತಿದ್ದರು, 1.3 ಗಂಟೆ ಹೆಚ್ಚು ವೇತನರಹಿತ ರಜೆ ಹಾಕುತ್ತಿದ್ದರು. ಅಂತರವನ್ನು ವಿವರಿಸಲು ಅಷ್ಟೇ ಸಾಕಾಯಿತು.

ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಓಟಿ ಬಹಳ ಮೊದಲೇ ಗೊತ್ತಾದಾಗ ಹೆಂಗಸರು ಹೆಚ್ಚುಕಡಿಮೆ ಗಂಡಸರಷ್ಟೇ ಒಪ್ಪಿಕೊಳ್ಳುತ್ತಿದ್ದರು. ನಾಳೆಗೆ ಬೇಕು ಎಂದು ಹಿಂದಿನ ದಿನ ಕರೆದಾಗ ಅಂತರ ದೊಡ್ಡದಾಗುತ್ತಿತ್ತು. ಮನೆಯಲ್ಲಿ ಅವಲಂಬಿತರಿದ್ದ ಹೆಂಗಸರಲ್ಲಿ ನಿಗದಿತ ವೇಳೆಯ ಡ್ಯೂಟಿಯ ಬಯಕೆ ಇನ್ನೂ ಹೆಚ್ಚಾಗಿತ್ತು. ನಿಮ್ಮ ಡಿಪೋದಲ್ಲಿ ಓಟಿ ಪಟ್ಟಿ ಯಾವಾಗ ಹಾಕುತ್ತಾರೆ, ಮೂರು ತಿಂಗಳ ಸ್ಲಿಪ್‌ನಲ್ಲಿ ಮೂಲ ವೇತನ ಬಿಟ್ಟು ಓಟಿಯ ಸಾಲಿನಲ್ಲಿ ಎಷ್ಟಿದೆ ಎಂದು ನೋಡಿ ಬರೆಯಿರಿ.

ಪ್ರಕಾಶ್, ಬೆಂಗಳೂರು: ಎಂದರೆ ಇದು ಅವರವರ ಆಯ್ಕೆ. ಅದಲ್ಲದೆ ಹೆಂಗಸರು ಸಂಬಳ ಹೆಚ್ಚಿಸಿ ಎಂದು ಬಾಯಿಬಿಟ್ಟು ಕೇಳುವುದೇ ಇಲ್ಲ. ಈ ಕೆಳಗಿನದು ನನಗೆ ಫಾರ್ವರ್ಡ್ ಆಗಿ ಬಂದದ್ದು: "ಸಹೋದರಿಯರೇ, ಕೊಟ್ಟದ್ದಕ್ಕಿಂತ ಎರಡರಷ್ಟು ಕೇಳಿ, ಬೇರೆ ಕಡೆ ಆಫರ್ ಇದೆ ಎಂದು ಹೇಳಿ, ಮೂರು ದಿನ ಮೌನವಾಗಿರಿ, ಅವರೇ ದಾರಿಗೆ ಬರುತ್ತಾರೆ."

ವಸುಧಾ: ಪ್ರಕಾಶ್ ಅವರೇ, ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಇಲ್ಲದ ಆಫರನ್ನು ಇದೆ ಎಂದು ಹೇಳಿ, ಆಫರ್ ಪತ್ರ ತೋರಿಸಿ ಎಂದಾಗ ಕೆಲಸವನ್ನೇ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಸಂಬಳದ ಬಗ್ಗೆ ಚೌಕಾಸಿ ಮಾಡಬಹುದೋ ಇಲ್ಲವೋ ಎಂಬುದನ್ನು ಜಾಹೀರಾತು ಹೇಳದಿದ್ದಾಗ ಗಂಡಸರು ಹೆಚ್ಚು ಕೇಳುತ್ತಾರೆ. ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಾಗ ಆ ವ್ಯತ್ಯಾಸ ಕಾಣದಾಯಿತು ಎಂದು ಲೀಬ್‌ಬ್ರಾಂಟ್ ಮತ್ತು ಲಿಸ್ಟ್ ಎಂಬ ಸಂಶೋಧಕರು ನಿಜವಾದ ಕೆಲಸದ ಜಾಹೀರಾತುಗಳನ್ನೇ ಹಾಕಿ ಕಂಡುಕೊಂಡಿದ್ದಾರೆ. ಕೇಳುವ ಅಭ್ಯಾಸ ಹುಟ್ಟುಗುಣವಲ್ಲ, ನಿಯಮ ಮಸುಕಾಗಿರುವ ಕಡೆ ಅದು ಬೇರೆಬೇರೆಯಾಗುತ್ತದೆ.

ಲಲಿತಾ, ಶಿವಮೊಗ್ಗ: ಆಯ್ಕೆಯಂತೆ! ಪ್ರಕಾಶ್ ಅವರೇ, ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು?

ಪ್ರಕಾಶ್: ನನ್ನ ಮನೆಯ ವಿಷಯ ಇಲ್ಲಿ ಬೇಡ. ನನ್ನ ಸಂಬಳ ಹೆಚ್ಚಿದ್ದರಿಂದ ನಾನು ರಜೆ ಹಾಕಿದರೆ ನಷ್ಟ ಹೆಚ್ಚು. ಇದು ಗಣಿತ.

ಲಲಿತಾ: ಅವರ ಸಂಬಳ ಕಡಿಮೆಯಾದದ್ದು ಅವರೇ ರಜೆ ಹಾಕುತ್ತಾ ಬಂದದ್ದರಿಂದ ಅಲ್ಲವೇ? ನಿಮ್ಮ ಗಣಿತ ಬಾಲವನ್ನು ತಾನೇ ಕಚ್ಚಿಕೊಂಡು ತಿರುಗುತ್ತಿದೆ.

ರಮೇಶ, ಹುಬ್ಬಳ್ಳಿ: ಕೊನೆಗೆ ತಾರತಮ್ಯ ಇದೆಯೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳಿ.

ವಸುಧಾ: ಮೇಲೆ ಹೇಳಿದ್ದೇನೆ.

ಶಂಕರಪ್ಪ: ನಮ್ಮ ಸೊಸೆಗೆ ಹೆರಿಗೆ ರಜೆ 26 ವಾರ ಕೊಟ್ಟಿದ್ದಾರೆ, ಪಿಎಫ್ ಹಣ ಯಾವಾಗ ತೆಗೆಯಬಹುದು?

ಪ್ರಕಾಶ್: ಮೇಡಂ, ಲಲಿತಾ ಅವರಿಗೆ ಅರ್ಥವಾಗುವಂತೆ ಹೇಳಿ. ಹುದ್ದೆ, ಅನುಭವ, ಗಂಟೆ ಇವೆಲ್ಲವೂ ಒಂದೇ ಆಗಿರುವವರನ್ನು ಹೋಲಿಸಿ, ಹಾಗೆ ಸರಿದೂಗಿಸಿದರೆ ಅಂತರ ಬಹುಪಾಲು ಕರಗುತ್ತದೆ. ಹಾಗಿರುವಾಗ ಉಳಿಯುವುದೇನು?

ವಸುಧಾ: ಅಮೆರಿಕದ 2010ರ ಅಂಕಿಗಳ ಮೇಲೆ ಬ್ಲೌ ಮತ್ತು ಕಾನ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಲೆಕ್ಕದಲ್ಲಿ ಸುಮಾರು ಶೇ. 21ರಷ್ಟಿದ್ದ ಅಂತರ ಇಂಥವನ್ನೆಲ್ಲ ಸರಿದೂಗಿಸಿದ ಮೇಲೆ ಸುಮಾರು ಶೇ. 8ಕ್ಕೆ ಇಳಿಯಿತು. ಹಾಗೆ ಇಳಿದದ್ದರಲ್ಲಿ ಅತಿ ದೊಡ್ಡ ಪಾಲು ಯಾವ ಬಗೆಯ ಕೆಲಸ, ಯಾವ ಉದ್ದಿಮೆ ಎಂಬುದರದು. ಆದರೆ ವಿವರಿಸಿತು ಎಂಬ ಮಾತಿಗೆ ನ್ಯಾಯವಾಗಿದೆ ಎಂಬ ಅರ್ಥವಿಲ್ಲ. ಸುಮಾ ಅವರ ಲೆಕ್ಕದಲ್ಲಿ 23,400 ಹುದ್ದೆಯ ಹೆಸರಿನಲ್ಲಿ ವಿವರಣೆಯಾಗುತ್ತದೆ. ಆ ಹುದ್ದೆಗೆ ಬಡ್ತಿ ಹೇಗೆ ಕೊಟ್ಟರು ಎಂಬುದು ಆ ಲೆಕ್ಕದ ಹೊರಗೇ ಉಳಿಯುತ್ತದೆ. ಬಡ್ತಿಯಲ್ಲಿಯೇ ಪಕ್ಷಪಾತವಿದ್ದರೆ, ಹುದ್ದೆಯನ್ನು ಸರಿದೂಗಿಸಿದೊಡನೆ ಅದು ಕಣ್ಮರೆಯಾಗುತ್ತದೆ. ಉಳಿದ ಶೇ. 8ರಲ್ಲಿಯೂ ಎಲ್ಲವೂ ತಾರತಮ್ಯವಲ್ಲ, ಅಳೆಯಲಾಗದ್ದೂ ಸೇರಿರಬಹುದು. ಇನ್ನು ಇಬ್ಬರೂ ಮನೆಯ ವಿಚಾರವನ್ನು ಬೇರೆಡೆ ಮುಂದುವರಿಸಿ.

ಲಲಿತಾ: ಜ್ವರದ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಸುಮಾ: ಮೇಡಂ, ಎಚ್‌ಆರ್ ಉತ್ತರ ಬಂತು. ನನ್ನ ಹುದ್ದೆಯ ಮಿತಿ 95,000ದಿಂದ 1,35,000ದವರೆಗೆ. ಕೆಳತುದಿಗೆ ಅಂಟಿಕೊಂಡಂತೆ ನಾನಿದ್ದೇನೆ.

ವಸುಧಾ: ಹಾಗಾದರೆ ಹಳೆಯ ಸಹೋದ್ಯೋಗಿಯ ಹೆಸರನ್ನು ಎತ್ತಲೇಬೇಡಿ, ಅವರ ಕಂಪನಿ ಬೇರೆ, ಹುದ್ದೆ ಬೇರೆ. ಇದೇ ಹುದ್ದೆಯಲ್ಲಿ ನಿಮ್ಮಷ್ಟೇ ಅನುಭವವಿರುವವರು ಆ ಮಿತಿಯ ಯಾವ ಭಾಗದಲ್ಲಿದ್ದಾರೆ, ನಿಮ್ಮನ್ನು ಕೆಳತುದಿಯಲ್ಲಿ ಇರಿಸಲು ಕೆಲಸಕ್ಕೆ ಸಂಬಂಧಿಸಿದ ಕಾರಣವೇನು ಎಂಬ ಎರಡು ಪ್ರಶ್ನೆಗಳನ್ನು ಇನ್‌ಕ್ರಿಮೆಂಟ್ ನಿರ್ಧಾರವಾಗುವ ಮೊದಲೇ ಕೇಳಿ. 2018ರ ಸ್ಲಿಪ್ ಎಂಬ ಉತ್ತರ ಬಂದರೆ ಅದನ್ನು ಬರಹದಲ್ಲಿ ಪಡೆದು ನನಗೆ ತೋರಿಸಿ.